ಎರಡು ನಂಬರ್, ಒಂದು ಜೋಡಿ ಮತ್ತು ರಾತ್ರಿ 1.40ರ ಗೊಂದಲ

ನಾನು ಉಡುಪಿಯಲ್ಲಿ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳಿಕೊಡುವವಳು. ಸಂಖ್ಯಾಶಾಸ್ತ್ರ ಒಂದು ಹವ್ಯಾಸ ಅಷ್ಟೇ. ದುಡ್ಡು ತೆಗೆದುಕೊಳ್ಳುವುದಿಲ್ಲ, ಈ ಮದುವೆ ಮಾಡಬಹುದಾ ಬೇಡವಾ ಅಂತ ಹೇಳುವುದೂ ಇಲ್ಲ. ಹೊಸದಾಗಿ ನಿಶ್ಚಯವಾದವರು ಬಂದು ಕೂತರೆ ಎರಡೇ ನಂಬರ್ ನೋಡುತ್ತೇನೆ: ಬರ್ತ್‌ಡೇ ನಂಬರ್ ಮತ್ತು ಆಟಿಟ್ಯೂಡ್ ನಂಬರ್. ಎರಡಕ್ಕೂ ಹುಟ್ಟಿದ ವರ್ಷ ಬೇಡ. ಹಾಗಾಗಿ ವಯಸ್ಸು ಕೇಳುವ ಮುಜುಗರವೂ ಇಲ್ಲ.

ಲೆಕ್ಕ ಎರಡನೇ ಕ್ಲಾಸಿನ ಮಕ್ಕಳೂ ಮಾಡುವಷ್ಟು ಸುಲಭ. ಹುಟ್ಟಿದ ತಾರೀಕಿನ ಅಂಕಿಗಳನ್ನು ಮಾತ್ರ ಕೂಡಿ ಒಂದಂಕಿಗೆ ಇಳಿಸಿದರೆ ಬರ್ತ್‌ಡೇ ನಂಬರ್. ಅದೇ ತಾರೀಕಿಗೆ ತಿಂಗಳನ್ನೂ ಸೇರಿಸಿ ಇಳಿಸಿದರೆ ಆಟಿಟ್ಯೂಡ್ ನಂಬರ್. ಬರ್ತ್‌ಡೇ ನಂಬರ್ ಹತ್ತಿರದವರಿಗೆ ಕಾಣುವ ಸ್ವಭಾವ, ಆಟಿಟ್ಯೂಡ್ ನಂಬರ್ ಹೊರಗಿನವರಿಗೆ ಮೊದಲು ಕಾಣುವ ಮುಖ ಎಂದು ಈ ಪದ್ಧತಿಯಲ್ಲಿ ಓದುತ್ತೇವೆ. ಹೊಸ ಜೋಡಿಗೆ ಎರಡನೆಯದು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಅವರು ಇನ್ನೂ ಒಬ್ಬರ ಮುಖ ಒಬ್ಬರು ನೋಡುತ್ತಿರುವ ಹೊತ್ತು, ಅಲ್ವಾ?

ಹೋಲಿಸುವಾಗ ಮೂರು ಗುಂಪು ನೆನಪಿದ್ದರೆ ಸಾಕು. 1, 5, 7 ಒಂದು ಗುಂಪು: ತಲೆಯಿಂದ ಯೋಚಿಸುವವರು. 2, 4, 8 ಇನ್ನೊಂದು: ಕೆಲಸ, ವ್ಯವಹಾರ, ವ್ಯವಸ್ಥೆ. 3, 6, 9 ಮೂರನೆಯದು: ಮಾತು, ಮನೆ, ಜನ. ಇಬ್ಬರ ನಂಬರ್ ಒಂದೇ ಗುಂಪಿನಲ್ಲಿದ್ದರೆ ಸಹಜ ಹೊಂದಾಣಿಕೆ. ಬೇರೆ ಗುಂಪಾದರೆ ಕೆಲವು ಜೋಡಿ ನಂಬರ್‌ಗಳು ಪರವಾಗಿಲ್ಲ, ಕೆಲವು ಸವಾಲು. ಬರ್ತ್‌ಡೇಗೆ ಬರ್ತ್‌ಡೇ, ಆಟಿಟ್ಯೂಡ್‌ಗೆ ಆಟಿಟ್ಯೂಡ್ ಎಂದೇ ಹೋಲಿಸಬೇಕು. ಅಡ್ಡಾದಿಡ್ಡಿ ಹೋಲಿಸಿದರೆ ಎಲ್ಲಾದರೂ ಒಂದು ಕಡೆ ಕೂಡಿಯೇ ಕೂಡುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಮಣಿಪಾಲದಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ಸುರತ್ಕಲ್ ಕಡೆಯವನು. ನಿಶ್ಚಿತಾರ್ಥ ಮುಗಿಸಿ ಇಬ್ಬರೂ ಬಂದಿದ್ದರು, ಜೊತೆಗೆ ಹುಡುಗಿಯ ಅಮ್ಮ. "ಟೀಚರ್, ಸುಮ್ನೆ ಒಮ್ಮೆ ನೋಡಿ" ಅಂದಳು. ಹುಡುಗನ ತಾರೀಕು ಜುಲೈ 15. ಒಂದು ಮತ್ತು ಐದು ಆರು, ಬರ್ತ್‌ಡೇ ನಂಬರ್ 6. ಹದಿನೈದಕ್ಕೆ ಏಳು ಸೇರಿಸಿದರೆ 22, ಆಟಿಟ್ಯೂಡ್ 4. ಈ 22ನ್ನು ಮಾಸ್ಟರ್ ನಂಬರ್ ಅಂತ ಹಾಗೇ ಬಿಡುವವರೂ ಇದ್ದಾರೆ. ಈ ಸರಳ ಹೋಲಿಕೆಯಲ್ಲಿ ನಾನು ಅದನ್ನೂ ಇಳಿಸುತ್ತೇನೆ, ಇಲ್ಲದಿದ್ದರೆ ಗುಂಪಿನಲ್ಲಿ ಕೂರಿಸುವುದು ಎಲ್ಲಿ?

ಹುಡುಗಿ ಜೂನ್ 12 ಎಂದಳು. ಬರ್ತ್‌ಡೇ 3. ಹನ್ನೆರಡು ಮತ್ತು ಆರು 18, ಆಟಿಟ್ಯೂಡ್ 9. ಬರೆದು ಮುಗಿಸುವಷ್ಟರಲ್ಲಿ ಅಮ್ಮ ತಡೆದರು. "ಅಲ್ಲ ಮಾರಾಯ್ತಿ, ಜಾತಕದಲ್ಲಿ 11ರ ರಾತ್ರಿ ಅಂತ ಉಂಟು."

ಇದು ನಮ್ಮ ಊರಲ್ಲಿ ಆಗಾಗ ಎದುರಾಗುವ ವಿಷಯ. ಮಗು ಹುಟ್ಟಿದ್ದು ರಾತ್ರಿ 1.40ಕ್ಕೆ. ಪಂಚಾಂಗದ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಹಾಗಾಗಿ ಬೆಳಗಾಗುವ ತನಕ ಹಿಂದಿನ ದಿನವೇ ನಡೆಯುತ್ತದೆ, ಜಾತಕ ಬರೆದವರು 11ರ ರಾತ್ರಿ ಎಂದು ಬರೆದದ್ದು ಅವರ ಲೆಕ್ಕಕ್ಕೆ ಸರಿ. ಆಸ್ಪತ್ರೆಯ ಕಾಗದದಲ್ಲಿ 12 ಇರುವುದೂ ಸರಿ. ಈ ಎರಡು ನಂಬರ್ ಹುಟ್ಟುವುದು ಇಂಗ್ಲಿಷ್ ಕ್ಯಾಲೆಂಡರಿನಿಂದ, ಅದರ ದಿನ ಬದಲಾಗುವುದು ರಾತ್ರಿ 12ಕ್ಕೆ. ಆದ್ದರಿಂದ ಇಲ್ಲಿ 12ನ್ನೇ ತೆಗೆದುಕೊಳ್ಳಬೇಕು.

ಒಂದು ದಿನದಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಅಮ್ಮನಿಗೆ ತೋರಿಸಿದೆ. 12 ಆದರೆ ಬರ್ತ್‌ಡೇ ನಂಬರ್ 3 ಮತ್ತು 6, ಒಂದೇ ಗುಂಪು. ಆಟಿಟ್ಯೂಡ್ 9 ಮತ್ತು 4, ಬೇರೆ ಗುಂಪು, ಅದೂ ಸವಾಲಿನ ಜೋಡಿ. 11 ಆದರೆ ಹುಡುಗಿಯ ಬರ್ತ್‌ಡೇ 2, ಹುಡುಗನ 6ರ ಗುಂಪು ಅಲ್ಲ. ಆದರೆ ಆಟಿಟ್ಯೂಡ್ ಹನ್ನೊಂದು ಮತ್ತು ಆರು 17, ಅಂದರೆ 8. ಹುಡುಗನ 4ರ ಜೊತೆ ಚೆನ್ನಾಗಿ ಕೂಡುತ್ತದೆ. ಫಲ ಪೂರ್ತಿ ಮಗುಚಿ ಬಿತ್ತು. "ಹಾಗಾದ್ರೆ 11 ಇಟ್ಟುಕೊಳ್ಳುವ" ಅಂದರು ಅಮ್ಮ. ಆಗುವುದಿಲ್ಲ ಎಂದೆ. ಉತ್ತರ ನೋಡಿ ತಾರೀಕು ಆರಿಸುವುದಾದರೆ ಕೂಡಿಸುವ ಕಷ್ಟ ಯಾಕೆ ಪಡಬೇಕು?

ನಡುರಾತ್ರಿಯ ನಂತರ, ಸೂರ್ಯ ಹುಟ್ಟುವ ಮೊದಲು ಹುಟ್ಟಿದವರಿಗೆಲ್ಲ ಗಂಟೆ ಕೇಳಿಯೇ ಮುಂದುವರಿಯುತ್ತೇನೆ. ಶಾಲೆಯ ದಾಖಲೆ ಮಾತ್ರ ತಂದವರ ತಾರೀಕು ಜೂನ್ 1 ಆಗಿದ್ದರೆ ಇನ್ನೊಂದು ಅನುಮಾನ. ಹಿಂದೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಎಷ್ಟೋ ಮಕ್ಕಳಿಗೆ ಅದೇ ತಾರೀಕು ಬರೆದುಬಿಡುತ್ತಿದ್ದರು. ಅಂಥವರ ನಂಬರ್ ನೋಡುವುದಕ್ಕಿಂತ ಚಾ ಕುಡಿಸಿ ಕಳಿಸುವುದು ವಾಸಿ.

ಸರಿ, 9 ಮತ್ತು 4. ಆಟಿಟ್ಯೂಡ್ 9 ಇರುವವರು ಎಲ್ಲರಿಗೂ ಆಗಿಬರುವವರ ಹಾಗೆ ಕಾಣುತ್ತಾರೆ ಎನ್ನುತ್ತಾರೆ. ಗುರುತಿಲ್ಲದವರೂ ಅವರನ್ನೇ ದಾರಿ ಕೇಳುತ್ತಾರೆ. 4 ಇರುವವರಿಗೆ ಮೊದಲೇ ಗೊತ್ತಿರಬೇಕು: ಎಷ್ಟು ಗಂಟೆಗೆ, ಎಲ್ಲಿ, ಯಾರೆಲ್ಲ. ನಾನು ಇಷ್ಟು ಹೇಳಿದ್ದೇ ತಡ, ಹುಡುಗ ನಗಲು ಶುರು ಮಾಡಿದ. ಹಿಂದಿನ ಭಾನುವಾರ ಇಬ್ಬರೂ ಕಾಪು ಬೀಚಿಗೆ ಹೊರಟಿದ್ದರಂತೆ. ಸೂರ್ಯ ಮುಳುಗುವ ಮೊದಲು ಲೈಟ್‌ಹೌಸ್ ಹತ್ತಬೇಕು ಅಂತ ಇವನು ಗಂಟೆ ಲೆಕ್ಕ ಹಾಕಿ ಬಂದಿದ್ದ. ಇವಳು ಪಕ್ಕದ ಮನೆಯ ಆಂಟಿಯನ್ನೂ ಅವರ ಎರಡು ಚೀಲಗಳನ್ನೂ ಕಾರಿಗೆ ಹತ್ತಿಸಿಕೊಂಡು, ದಾರಿಯಲ್ಲಿ ಬಿಟ್ಟು ಹೋಗುವ ಅಂದಳಂತೆ. ಬೀಚಿಗೆ ಮುಟ್ಟುವಾಗ ಕತ್ತಲೆ. ಇವನು ಮುಖ ಊದಿಸಿಕೊಂಡ, ಇವಳಿಗೆ ಯಾಕೆಂದೇ ಗೊತ್ತಾಗಲಿಲ್ಲ.

ನಂಬರ್ ಇಲ್ಲದೆಯೂ ಇದು ಗೊತ್ತಾಗುತ್ತಿತ್ತು, ನಿಜ. ಆಂಟಿಯ ಕಥೆ ಇಲ್ಲದಿದ್ದರೆ ನನ್ನ ಮಾತಿಗೆ ಇನ್ಯಾವುದೋ ಕಥೆ ಹೊಂದುತ್ತಿತ್ತು ಎಂಬುದೂ ನಿಜ. ಇದಕ್ಕೆ ವಿಜ್ಞಾನದ ಆಧಾರ ಇಲ್ಲ. ಆದರೆ "ನೀನು ಹೀಗೆ ಮಾಡಿದೆ" ಅಂದರೆ ಜಗಳವಾಗುವ ಮಾತನ್ನು "ನಿನ್ನ 9 ಹೀಗೆ ಮಾಡಿತು" ಅಂತ ನಗುತ್ತಾ ಹೇಳಬಹುದು. ನಾನು ಈ ಹೋಲಿಕೆ ಮಾಡುವುದೇ ಅದಕ್ಕೆ. ಬರ್ತ್‌ಡೇ ನಂಬರ್ 3 ಮತ್ತು 6 ಎಂದಾಗ ಮಾತು ಬೇರೆ ಕಡೆ ಹೋಗಲಿಲ್ಲ: ಇವಳಿಗೆ ಮಾತಾಡಲು ಬೇಕು, ಇವನಿಗೆ ಮನೆಯವರನ್ನು ನೋಡಿಕೊಳ್ಳಲು ಬೇಕು, ಅದರಲ್ಲಿ ಇಬ್ಬರಿಗೂ ತಕರಾರಿಲ್ಲ.

ಕೂಡದಿದ್ದರೆ ಹೆದರುವವರಿಗೆ ಗಣಿತದ ಟೀಚರಾಗಿ ಒಂದು ಮಾತು ಹೇಳುತ್ತೇನೆ. ಗುಂಪು ಮೂರೇ ಇರುವುದರಿಂದ ಯಾರೋ ಇಬ್ಬರು ಅಪರಿಚಿತರ ಬರ್ತ್‌ಡೇ ನಂಬರ್ ಒಂದೇ ಗುಂಪಿಗೆ ಬೀಳುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. ಎರಡೂ ನಂಬರ್ ಕೂಡುವುದು ಸುಮಾರು ಒಂಬತ್ತರಲ್ಲಿ ಒಂದು. ಸುಖವಾಗಿರುವ ಹೆಚ್ಚಿನ ದಂಪತಿಗಳದ್ದು ಕೂಡುವುದಿಲ್ಲ ಎಂದೇ ಆಯಿತಲ್ಲ. ಸೆಪ್ಟೆಂಬರಿನಲ್ಲಿ ಹುಟ್ಟಿದವರದ್ದು ಇನ್ನೊಂದು ತಮಾಷೆ: ಒಂಬತ್ತು ಸೇರಿಸಿದರೂ ಒಂದಂಕಿಗೆ ಇಳಿಸಿದಾಗ ಅದೇ ನಂಬರ್ ಬರುವುದರಿಂದ ಅವರಿಗೆ ಎರಡೂ ಒಂದೇ. ಒಳಗೊಂದು ಹೊರಗೊಂದು ಇಲ್ಲದವರು ಅಂತ ಓದುತ್ತಾರೆ. ನನಗೆ ಅದು ಒಂಬತ್ತರ ಮಗ್ಗಿಯ ಗುಣ ಅಷ್ಟೇ.

ಹೊರಡುವಾಗ ಅಮ್ಮ ಮದುವೆಯ ದಿನವನ್ನೂ ಇದರಲ್ಲೇ ನೋಡಿಕೊಡಲು ಹೇಳಿದರು. ಅದಕ್ಕೆ ಭಟ್ರ ಹತ್ತಿರ ಹೋಗಿ, ಹೋಗುವಾಗ ಹುಟ್ಟಿದ ಗಂಟೆ 1.40 ಅಂತ ಅವರಿಗೂ ಸರಿಯಾಗಿ ಹೇಳಿ ಅಂದೆ.