ಬ್ರಿಟನ್‌ನಲ್ಲಿ ಕಾರು ಮಾರಿದಾಗ ಇನ್ಶೂರೆನ್ಸ್ ಏನಾಗುತ್ತದೆ?

ಊರಿಗೆ ವಾಪಸ್ ಹೊರಟವರು ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಕಾರು ಮಾರಿ, ಕೀ ಕೊಟ್ಟು, ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಗಾಡಿಯ ಜೊತೆಗೆ ಪಾಲಿಸಿಯೂ ಕೊಂಡವರ ಹೆಸರಿಗೆ ಹೋಗುವುದರಿಂದ ಹಾಗನಿಸುವುದು ಸಹಜ. ಇಲ್ಲಿ ಪಾಲಿಸಿ ಕಾರಿನದ್ದಲ್ಲ, ನಿಮ್ಮದು. ಸಾಕು ನಿಲ್ಲಿಸಿ ಎಂದು ನೀವು ಹೇಳುವವರೆಗೂ ಅದು ಓಡುತ್ತಲೇ ಇರುತ್ತದೆ.

ಪಾಲಿಸಿ ಶುರುವಾದ ಅಥವಾ ಅದರ ಕಾಗದಪತ್ರ ಕೈಸೇರಿದ ದಿನದಿಂದ, ಯಾವುದು ತಡವೋ ಅಲ್ಲಿಂದ, 14 ದಿನ ಕೂಲಿಂಗ್ ಆಫ್ ಅವಧಿ. ಅದರೊಳಗೆ ಬೇಡವೆಂದರೆ ಬಳಸಿದ ದಿನಗಳ ಹಣವನ್ನೂ ಸಣ್ಣ ಶುಲ್ಕವನ್ನೂ ಹಿಡಿದು ಉಳಿದದ್ದು ಕೊಡುತ್ತಾರೆ. ಆಮೇಲೆ ನಿಲ್ಲಿಸುವುದಾದರೆ ಲೆಕ್ಕ ಬೇರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 2025ರ ಮಾರ್ಚ್ 1ಕ್ಕೆ ಶುರುವಾದ ಪಾಲಿಸಿ, ವರ್ಷದ ಪ್ರೀಮಿಯಂ 730 ಪೌಂಡ್, ಅಂದರೆ ದಿನಕ್ಕೆ 2 ಪೌಂಡ್. ಸೆಪ್ಟೆಂಬರ್ 30ಕ್ಕೆ ಕಾರು ಮಾರಿ ಪಾಲಿಸಿ ನಿಲ್ಲಿಸಿದಿರಿ. 214 ದಿನ ಬಳಸಿದ್ದಾಯಿತು, 151 ದಿನ ಉಳಿಯಿತು. ದಿನದ ಲೆಕ್ಕದಲ್ಲಿ ವಾಪಸ್ ಬರಬೇಕಾದದ್ದು 302 ಪೌಂಡ್. ಕ್ಯಾನ್ಸಲೇಶನ್ ಶುಲ್ಕ 50 ಎಂದಿಟ್ಟುಕೊಂಡರೆ ಕೈಗೆ 252. ಬ್ರೋಕರ್ ಮೂಲಕ ಕೊಂಡಿದ್ದರೆ ಮೊದಲೇ ಕೊಟ್ಟ ಸೆಟಪ್ ಶುಲ್ಕವಾಗಲೀ, ಜೊತೆಗೆ ಕೊಂಡ ಬ್ರೇಕ್‌ಡೌನ್ ಕವರ್‌ನಂಥವುಗಳ ಹಣವಾಗಲೀ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಎಲ್ಲ ಕಂಪನಿಗಳೂ ದಿನದ ಲೆಕ್ಕ ಹಾಕಬೇಕೆಂದೇನೂ ಇಲ್ಲ. ಆದ್ದರಿಂದ ಪಾಲಿಸಿ ಪುಸ್ತಕದಲ್ಲಿ ಕ್ಯಾನ್ಸಲೇಶನ್ ಎಂಬ ಭಾಗವನ್ನು ಓದಿಯೇ ಮುಂದುವರಿಯಿರಿ. ಆ ವರ್ಷದಲ್ಲಿ ಒಂದು ಕ್ಲೇಮ್ ಆಗಿದ್ದರೆ ಸಾಮಾನ್ಯವಾಗಿ ಒಂದು ಪೆನ್ನಿಯೂ ಬಾರದು, ಇಡೀ ವರ್ಷದ ಪ್ರೀಮಿಯಂ ನಿಮ್ಮ ಮೇಲೇ ಬೀಳುತ್ತದೆ.

ತಿಂಗಳ ಕಂತಿನಲ್ಲಿ ಕಟ್ಟುವವರಿಗೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಬಡ್ಡಿ ಬಿಟ್ಟು ಹೇಳುವುದಾದರೆ, ಏಳು ಕಂತಿಗೆ ಸುಮಾರು 426 ಪೌಂಡ್ ಕಟ್ಟಿರುತ್ತೀರಿ. ಬಳಸಿದ್ದಕ್ಕೆ 428, ಶುಲ್ಕ 50, ಒಟ್ಟು 478. ಅಂದರೆ ರಿಫಂಡ್ ಬರುವ ಬದಲು ನೀವೇ ಇನ್ನೂ 52 ಪೌಂಡ್ ಕೊಡಬೇಕು. ಕಂತು ಎಂದರೆ ಸಾಲ, ಬೇಕೆಂದಾಗ ಬಿಡಬಹುದಾದ ತಿಂಗಳ ಚಂದಾ ಅಲ್ಲ.

ನನಗೆ ಗೊತ್ತಿರುವ ಒಬ್ಬರು ಕಾರು ಮಾರಿದ ದಿನವೇ ಬ್ಯಾಂಕ್ ಆ್ಯಪ್‌ನಲ್ಲಿ ಡೈರೆಕ್ಟ್ ಡೆಬಿಟ್ ನಿಲ್ಲಿಸಿ ನಿರಾಳರಾದರು. ಎರಡು ವಾರ ಕಳೆದ ಮೇಲೆ ಬಾಗಿಲ ಬಳಿ ಬಿದ್ದಿದ್ದ ಲಕೋಟೆಯಲ್ಲಿ ಇಂಥ ದಿನದೊಳಗೆ ಕಟ್ಟದಿದ್ದರೆ ಪಾಲಿಸಿ ರದ್ದು ಮಾಡುತ್ತೇವೆ ಎಂದಿತ್ತು. ಮೇಲಿಂದ ಬಾಕಿ ಹಣದ ಬೇಡಿಕೆ. ಪಾಲಿಸಿಯನ್ನು ನೀವು ನಿಲ್ಲಿಸುವುದಕ್ಕೂ ಕಂಪನಿಯೇ ರದ್ದು ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಕಂಪನಿ ನಿಮ್ಮ ಪಾಲಿಸಿಯನ್ನು ಎಂದಾದರೂ ರದ್ದು ಮಾಡಿದೆಯೇ ಎಂದು ಮುಂದಿನ ಅರ್ಜಿಗಳಲ್ಲಿ ಕೇಳುತ್ತಾರೆ, ಹೌದು ಎಂದರೆ ಪ್ರೀಮಿಯಂ ಏರುತ್ತದೆ. ಆದ್ದರಿಂದ ಮೊದಲು ಕಂಪನಿಗೆ ಫೋನ್, ಅವರು ಲಿಖಿತವಾಗಿ ಒಪ್ಪಿದ ಮೇಲೆ ಬ್ಯಾಂಕ್ ಕೆಲಸ. ಕಾರು ಕೊಂಡವರು ಅದನ್ನು ಒಯ್ದ ಮೇಲೆ, ವಾಹನ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎಗೆ ಮಾರಾಟ ತಿಳಿಸಿ, ಆಮೇಲೆ ಫೋನ್ ಮಾಡಿ. ಮುಂಚೆಯೇ ಮಾಡಿದರೆ ಮಾರುವ ದಿನದವರೆಗೆ ವಿಮೆಯಿಲ್ಲದ ಕಾರು ನಿಮ್ಮ ಹೆಸರಿನಲ್ಲಿರುತ್ತದೆ.

ನವೀಕರಿಸದೆ ಬಿಡುವುದು ಇದರಂತಲ್ಲ. ವರ್ಷ ಪೂರ್ತಿ ಆದ್ದರಿಂದ ರಿಫಂಡೂ ಇಲ್ಲ, ಕ್ಯಾನ್ಸಲೇಶನ್ ಶುಲ್ಕವೂ ಇಲ್ಲ. ಆದರೆ ಸುಮ್ಮನಿದ್ದರೆ ನಿಲ್ಲುತ್ತದೆ ಎಂದು ನಂಬಬೇಡಿ. ಹೆಚ್ಚಿನ ಪಾಲಿಸಿಗಳು ತಾನಾಗಿ ನವೀಕರಣಗೊಂಡು ಕಾರ್ಡಿನಿಂದ ಹಣ ಎಳೆದುಕೊಳ್ಳುತ್ತವೆ. ಮುಗಿಯುವ ಕೆಲವು ವಾರ ಮೊದಲು ಬರುವ ಪತ್ರವನ್ನು ನೋಡಿ, ಆ ದಿನಕ್ಕೆ ಮುಂಚೆ ಬೇಡವೆಂದು ತಿಳಿಸಿ. ತಪ್ಪಿಹೋದರೂ ಹೊಸ ವರ್ಷದ ಪಾಲಿಸಿಗೆ ಮತ್ತೆ 14 ದಿನದ ಅವಧಿ ಇದೆ. ಕಾರು ಇನ್ನೂ ನಿಮ್ಮ ಬಳಿಯೇ ಇದ್ದು ವಿಮೆ ಬಿಡುವುದಾದರೆ ರಸ್ತೆಗೆ ಇಳಿಸದೆ ಸೋರ್ನ್, ಅಂದರೆ ಕಾರು ರಸ್ತೆಯಲ್ಲಿಲ್ಲ ಎಂದು ಡಿವಿಎಲ್‌ಎಗೆ ಕೊಡುವ ಘೋಷಣೆ, ಮಾಡಲೇಬೇಕು. ಇಲ್ಲದಿದ್ದರೆ 100 ಪೌಂಡ್ ದಂಡದ ಪತ್ರ ಬರಬಹುದು.

ಹಣಕ್ಕಿಂತ ದೊಡ್ಡ ವ್ಯತ್ಯಾಸ ನೋ ಕ್ಲೇಮ್ಸ್ ಬೋನಸ್‌ನದ್ದು. ಒಂದು ವರ್ಷದ ಬೋನಸ್ ಸಿಗಬೇಕಾದರೆ ಸಾಮಾನ್ಯವಾಗಿ 12 ತಿಂಗಳು ಪೂರ್ತಿ ಆಗಿರಬೇಕು. ಹತ್ತನೇ ತಿಂಗಳಲ್ಲಿ ನಿಲ್ಲಿಸಿದರೆ ಉಳಿದ 60 ದಿನಕ್ಕೆ 120 ಪೌಂಡ್, ಶುಲ್ಕ ಕಳೆದು 70 ಪೌಂಡ್ ಸಿಗಬಹುದು, ಆದರೆ ಆ ವರ್ಷದ ಬೋನಸ್ ಹೋಗುತ್ತದೆ. ಬೇರೆ ಕಾರು ಕೊಳ್ಳುವವರು ಅದೇ ಪಾಲಿಸಿಯಲ್ಲಿ ಕಾರು ಬದಲಾಯಿಸಿಕೊಂಡು ವರ್ಷ ಮುಗಿಸುವುದೇ ನನ್ನ ಪ್ರಕಾರ ವಾಸಿ. ಇಲ್ಲಿಗೇ ಮರಳುವ ಸಾಧ್ಯತೆ ಇರುವವರಿಗೂ ಈ ಬೋನಸ್ ಮುಖ್ಯ, ಏಕೆಂದರೆ ಬಹುತೇಕ ಕಂಪನಿಗಳು ಎರಡು ವರ್ಷದವರೆಗೆ ಅದನ್ನು ಒಪ್ಪುತ್ತವೆ. ಎಷ್ಟು ವರ್ಷದ ಬೋನಸ್ ಇದೆ ಎಂಬ ಪತ್ರವನ್ನು ವಿಮಾನ ಹತ್ತುವ ಮುನ್ನವೇ ಕೇಳಿ ಪಡೆದು, ಫೋನ್ ನಂಬರ್ ಬದಲಾದರೂ ಸಿಗುವಂತೆ ಇಮೇಲ್‌ನಲ್ಲಿ ಉಳಿಸಿಕೊಳ್ಳಿ.