ಅನುವಾದವನ್ನು ಪ್ರಶ್ನೆ ಕೇಳಿ ನೋಡುವುದು: ನನ್ನ ಅನುಭವ

ಕಾಸರಗೋಡಿನಲ್ಲಿ ಕನ್ನಡ ಓದುವ ವಿದ್ಯಾರ್ಥಿಗಳಿಗೆ ನಾನು ಕನ್ನಡದಿಂದ ಇಂಗ್ಲಿಷಿಗೆ ಅನುವಾದದ ಅಭ್ಯಾಸ ಕೊಡುತ್ತೇನೆ. ತಿದ್ದುವಾಗ ವ್ಯಾಕರಣದ ತಪ್ಪುಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಇಂಗ್ಲಿಷ್ ಸರಾಗವಾಗಿದ್ದು ಅರ್ಥ ಮಾತ್ರ ಬೇರೆಯಾಗಿರುವ ವಾಕ್ಯಗಳು ಹಾಗೆ ಸುಲಭವಾಗಿ ಸಿಕ್ಕುವುದಿಲ್ಲ. ಅವುಗಳನ್ನು ಹಿಡಿಯಲು ನಾನು ಅನುಸರಿಸುವ ಕ್ರಮವನ್ನು ಒಂದೇ ಉದಾಹರಣೆಯ ಮೂಲಕ ಹೇಳುತ್ತೇನೆ.

ಬಾಯಾರು ಕಡೆಯ ಕೃಷಿಕರೊಬ್ಬರು ತಮ್ಮ ತೋಟದ ಸುರಂಗದ ಬಗ್ಗೆ, ಅಂದರೆ ನೀರಿಗಾಗಿ ಗುಡ್ಡದೊಳಗೆ ಕೊರೆದ ದಾರಿಯ ಬಗ್ಗೆ, ಬರೆದುಕೊಟ್ಟ ಟಿಪ್ಪಣಿಯಿಂದ ಈ ಸಾಲುಗಳನ್ನು ಆರಿಸಿದ್ದೆ:

"ನಮ್ಮ ತೋಟದ ಸುರಂಗವನ್ನು ಅಜ್ಜ ತೋಡಿಸಿದ್ದಂತೆ. ಮೂವತ್ತು ಕೋಲು ಒಳಗೆ ಹೋದ ಮೇಲೆಯೇ ನೀರು ಸಿಕ್ಕಿತಂತೆ. ಪಕ್ಕದ ತೋಟದವರು ಕೊಳವೆಬಾವಿ ಕೊರೆಸಿದ ಮೇಲೆ ನೀರು ಕಡಿಮೆಯಾಗುತ್ತಾ ಬಂದಿದೆ. ದೊಡ್ಡಪ್ಪ ಒಮ್ಮೆ ಹೋಗಿ ಕೇಳಿದರು. ಅವರು ಏನೂ ಹೇಳಲಿಲ್ಲ."

ವಿದ್ಯಾರ್ಥಿನಿಯೊಬ್ಬಳ ಇಂಗ್ಲಿಷ್ ಚೆನ್ನಾಗಿತ್ತು. ಅಜ್ಜ ಸುರಂಗವನ್ನು 'ಡಗ್' ಮಾಡಿದರು, ಮೂವತ್ತು ಅಡಿ ಹೋದಾಗ ನೀರು ಬಂತು, ಪಕ್ಕದವರ ಕೊಳವೆಬಾವಿಯಿಂದಾಗಿ ನೀರು ಬತ್ತಿಹೋಯಿತು, 'ಅಂಕಲ್' ಹೋಗಿ ಕೇಳಿದರು, ಆಮೇಲೆ ಆ 'ಅಂಕಲ್' ಏನನ್ನೂ ಮಾತನಾಡಲಿಲ್ಲ ಎಂಬುದು ಅವಳ ಅನುವಾದದ ತಾತ್ಪರ್ಯ. ಒಂದೇ ಒಂದು ವ್ಯಾಕರಣದೋಷವೂ ಅದರಲ್ಲಿ ಇರಲಿಲ್ಲ.

ಪರಿಶೀಲನೆಗೆ ಅನೇಕರು ಹೇಳುವ ಉಪಾಯವೆಂದರೆ, ಇಂಗ್ಲಿಷನ್ನು ಇನ್ನೊಬ್ಬರಿಂದ ಮತ್ತೆ ಕನ್ನಡಕ್ಕೆ ತರಿಸಿ ಮೂಲದ ಜೊತೆ ಹೋಲಿಸುವುದು. ಅದನ್ನೂ ಮಾಡಿಸಿದೆ. ಆದರೆ ಕನ್ನಡಕ್ಕೆ ತಿರುಗಿಸಿದವನು ನಮ್ಮ ಊರಿನವನೇ. ತೋಟದ ಯಜಮಾನರು ತಾವೇ ಗುದ್ದಲಿ ಹಿಡಿದು ಗುಡ್ಡ ಕೊರೆಯುವುದು ಅಪರೂಪ, ಅದಕ್ಕೆ ನುರಿತ ಕೆಲಸಗಾರರು ಬೇರೆಯೇ ಇರುತ್ತಾರೆ ಎಂಬುದು ಅವನಿಗೆ ಗೊತ್ತು. ಹಾಗಾಗಿ 'ಡಗ್' ಎಂಬುದನ್ನು ಅವನು 'ತೋಡಿಸಿದರು' ಎಂದೇ ಬರೆದ. ಇಂಗ್ಲಿಷಿನಲ್ಲಿ ಕಳೆದುಹೋದದ್ದನ್ನು ಅವನ ಅನುಭವ ತುಂಬಿಕೊಟ್ಟಿತು. ದೋಷ ಇದ್ದಲ್ಲೇ ಇತ್ತು, ಹೋಲಿಕೆಯಲ್ಲಿ ಮಾತ್ರ ಕಾಣಲಿಲ್ಲ. ಮರು ಅನುವಾದವನ್ನು ನಾನು ಪೂರ್ತಿಯಾಗಿ ನಂಬದಿರಲು ಇದೇ ಕಾರಣ: ಮಾಡುವವನು ಎಷ್ಟು ತಿಳಿವಳಿಕೆಯುಳ್ಳವನೋ ಅಷ್ಟು ಚೆನ್ನಾಗಿ ತಪ್ಪನ್ನು ಮುಚ್ಚಿಹಾಕುತ್ತಾನೆ.

ಅದರ ಬದಲು ನಾನು ಪ್ರಶ್ನೆಗಳನ್ನು ಬರೆಯುತ್ತೇನೆ. ಕನ್ನಡ ಮೂಲವನ್ನು ಮಾತ್ರ ನೋಡಿ, ಇಂಗ್ಲಿಷ್ ಓದುವ ಮೊದಲೇ ಬರೆಯಬೇಕು. ಇಲ್ಲದಿದ್ದರೆ ಅನುವಾದ ಹೇಳಿದ್ದನ್ನೇ ಕೇಳುವ ಪ್ರಶ್ನೆಗಳು ಹುಟ್ಟುತ್ತವೆ. ಈ ಭಾಗಕ್ಕೆ ಬರೆದವು ಹೀಗಿದ್ದವು: ಸುರಂಗ ಕೊರೆದವರು ಯಾರು? ಅದು ಹೇಳುವವರಿಗೆ ಹೇಗೆ ಗೊತ್ತು? ನೀರು ಸಿಕ್ಕಿದ್ದು ಎಷ್ಟು ದೂರದಲ್ಲಿ? ನೀರು ಈಗ ಇದೆಯೇ? ಕಡಿಮೆಯಾಗಲು ಕಾರಣ ಹೇಳಲಾಗಿದೆಯೇ? ಕೊನೆಯಲ್ಲಿ ಸುಮ್ಮನಿದ್ದವರು ಯಾರು? ಆಮೇಲೆ ಕನ್ನಡವನ್ನು ಕೆಲವರಿಗೆ, ಇಂಗ್ಲಿಷನ್ನು ಬೇರೊಬ್ಬರಿಗೆ ಕೊಟ್ಟು ಉತ್ತರ ಬರೆಸುತ್ತೇನೆ. ಇಂಗ್ಲಿಷ್ ಓದುವವರಿಗೆ ಕನ್ನಡ ಬಾರದಿರಬೇಕು, ಸಾಧ್ಯವಾದರೆ ಈ ಜಿಲ್ಲೆಯವರೂ ಆಗಿರಬಾರದು. ಮಲಯಾಳ ಮಾತನಾಡುವ ಸ್ಥಳೀಯ ಸಹೋದ್ಯೋಗಿಗಳು ಸುಲಭವಾಗಿ ಸಿಗುತ್ತಾರೆ. ಆದರೆ ಅವರಿಗೂ ಸುರಂಗವೆಂದರೆ ಗುಡ್ಡದ ಮುರಕಲ್ಲಿನೊಳಗೆ ಅಡ್ಡಲಾಗಿ ಕೊರೆದು ನೀರನ್ನು ಹೊರಗೆ ಹರಿಸಿಕೊಳ್ಳುವ ಕಿರಿದಾದ ದಾರಿ ಎಂದು ಗೊತ್ತು. ಹೊರಗಿನ ಓದುಗರು 'ಟನಲ್' ಎಂಬುದನ್ನು ಓದಿ ರೈಲು ಹೋಗುವ ಸುರಂಗವನ್ನು ನೆನೆಯುತ್ತಾರೆ. ಈ ಭಾಗವನ್ನು ಓದಿದವರು ಕೋಟ್ಟಯಂ ಕಡೆಯ ಒಬ್ಬ ಅಧ್ಯಾಪಕರು.

ಎರಡು ಕಡೆಯ ಉತ್ತರಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ದೂರದ ಪ್ರಶ್ನೆಯಲ್ಲಿ ವ್ಯತ್ಯಾಸ ಒಡನೆ ಕಂಡಿತು. ಕೋಲು ಎಂದರೆ ನಮ್ಮಲ್ಲಿ ಸುಮಾರು ಎರಡೂವರೆ ಅಡಿ. ಮೂವತ್ತು ಕೋಲು ಎಪ್ಪತ್ತೈದು ಅಡಿಯ ಹತ್ತಿರವಾಗುತ್ತದೆ. ಅಂಕಿ ಸರಿಯಾಗಿದ್ದು ಅಳತೆ ಬದಲಾಗಿದ್ದರಿಂದ, ಕಷ್ಟಪಟ್ಟು ಮುಂದೆ ಹೋದ ಕೆಲಸ ಒಂದು ಸಣ್ಣ ಗುಂಡಿಯಷ್ಟಾಗಿತ್ತು. 'ಮೇಲೆಯೇ' ಎಂಬುದರ 'ಏ' ಬಿಟ್ಟುಹೋದದ್ದು ಅದನ್ನು ಇನ್ನಷ್ಟು ಹಗುರಗೊಳಿಸಿತ್ತು.

'ತೋಡಿಸಿದ್ದಂತೆ' ಎಂಬ ಒಂದು ಪದದಲ್ಲಿ ಎರಡು ಸಂಗತಿಗಳು ಹೋಗಿದ್ದವು. 'ಇಸು' ಬಿಟ್ಟಾಗ ಕೊರೆದ ಕೆಲಸಗಾರರು ಮಾಯವಾದರು. 'ಅಂತೆ' ಬಿಟ್ಟಾಗ, ಕೇಳಿದ ಮಾತು ಕಣ್ಣಾರೆ ಕಂಡ ಮಾತಾಯಿತು. ವಿದ್ಯಾರ್ಥಿನಿಗೆ ಇದು ಅರ್ಥವಾಗಿರಲಿಲ್ಲವೇ ಎಂದು ತಿಳಿಯಲು ಅದೇ ವಾಕ್ಯವನ್ನು ಮಲಯಾಳದಲ್ಲಿ ಹೇಳಿಸಿದೆ. ತಡವರಿಸದೆ ಕೊನೆಗೆ 'ಅತ್ರೇ' ಸೇರಿಸಿದಳು. ಅಂದರೆ ಅವಳಿಗೆ ಅರ್ಥ ಗೊತ್ತಿತ್ತು. ಇಂಗ್ಲಿಷ್ ಕ್ರಿಯಾಪದದಲ್ಲಿ ಅಂತಹ ಪ್ರತ್ಯಯಕ್ಕೆ ಜಾಗವಿಲ್ಲದ ಕಾರಣ ಅದು ಸದ್ದಿಲ್ಲದೆ ಉದುರಿತ್ತು. ಹಾಗೆಂದು ಪ್ರತಿ 'ಅಂತೆ'ಗೂ ಇಂಗ್ಲಿಷಿನಲ್ಲಿ ಒಂದೊಂದು 'ಹೇಳುತ್ತಾರೆ' ಬೇಕಿಲ್ಲ. ಇಲ್ಲಿ ಆರಂಭದಲ್ಲೇ 'ಮನೆಯಲ್ಲಿ ಹೇಳುವ ಪ್ರಕಾರ' ಎಂಬರ್ಥದ ಒಂದು ತುಂಡು ಸೇರಿಸಿದರೆ ಎರಡನೆಯ ವಾಕ್ಯದ 'ಅಂತೆ'ಯನ್ನೂ ಅದು ಹೊರುತ್ತದೆ. ಆದರೆ ಮೂರನೆಯ ವಾಕ್ಯದಲ್ಲಿ 'ಅಂತೆ' ಇಲ್ಲ. ನೀರು ಕಡಿಮೆಯಾಗುತ್ತಿರುವುದನ್ನು ಬರೆದವರೇ ಕಂಡಿದ್ದಾರೆ. ಕೇಳಿದ್ದು ಮುಗಿದು ಕಂಡದ್ದು ಆರಂಭವಾಗುವ ಆ ಗೆರೆ ಇಂಗ್ಲಿಷಿನಲ್ಲಿಯೂ ಉಳಿಯಬೇಕು.

ಹೆಚ್ಚು ಚರ್ಚೆಯಾದದ್ದು ಆ ಮೂರನೆಯ ವಾಕ್ಯವೇ. ಮೂಲದಲ್ಲಿ 'ಕೊರೆಸಿದ ಮೇಲೆ' ಎಂದಿದೆ, ಅನುವಾದದಲ್ಲಿ 'ಡ್ಯೂ ಟು' ಬಂದಿದೆ. "ಬರೆದವರು ಹೇಳಲು ಹೊರಟದ್ದು ಅದನ್ನೇ ಅಲ್ಲವೇ ಸರ್?" ಎಂದು ಅವಳು ಕೇಳಿದಳು. ಇರಬಹುದು. ಓದುಗರೂ ಹಾಗೆಯೇ ಊಹಿಸಲಿ. ಆದರೆ ಬರೆದವರು ನೆರೆಯವರ ಮೇಲೆ ದೂರು ಹೊರಿಸದೆ 'ಮೇಲೆ' ಎಂಬಲ್ಲಿಗೇ ನಿಂತಿದ್ದಾರೆ. ಬೇಲಿಯ ಆಚೆಗೂ ಈಚೆಗೂ ನಾಳೆಯೂ ಬದುಕಬೇಕಾದವರ ಎಚ್ಚರ ಅದು. ಇದೇ ಬರಹ ನಾಳೆ ಕಚೇರಿಯೊಂದರ ಮೇಜಿಗೆ ಇಂಗ್ಲಿಷಿನಲ್ಲಿ ಹೋದರೆ, ಆ 'ಡ್ಯೂ ಟು' ಒಂದು ಆರೋಪವಾಗಿ ನಿಲ್ಲುತ್ತದೆ. ಇಂಗ್ಲಿಷಿನ 'ಆಫ್ಟರ್' ಕೂಡ ಕಾಲವನ್ನು ಹೇಳಿ ಕಾರಣವನ್ನು ಓದುಗರಿಗೆ ಬಿಡುತ್ತದೆ, ಆದ್ದರಿಂದ ಇಲ್ಲಿ ಭಾಷೆಯ ಅಡ್ಡಿಯೇ ಇರಲಿಲ್ಲ. 'ಬತ್ತಿಹೋಯಿತು' ಎಂಬುದೂ ಹಾಗೆಯೇ ಸೇರಿಕೊಂಡದ್ದು. 'ಕಡಿಮೆಯಾಗುತ್ತಾ ಬಂದಿದೆ' ಎಂದರೆ ನೀರು ಇನ್ನೂ ಇದೆ. ಕೋಟ್ಟಯಂನ ಅಧ್ಯಾಪಕರು 'ನೀರು ಈಗ ಇದೆಯೇ?' ಎಂಬುದಕ್ಕೆ 'ಇಲ್ಲ' ಎಂದು ಬರೆದಿದ್ದರು. ಬಿಟ್ಟುಹೋದದ್ದಕ್ಕಿಂತ ಹೀಗೆ ಸೇರಿಕೊಂಡದ್ದನ್ನು ನಾನು ಹೆಚ್ಚು ಗಂಭೀರವೆಂದು ಎಣಿಸುತ್ತೇನೆ. ಬಿಟ್ಟುಹೋದಲ್ಲಿ ಓದುಗರಿಗೆ ಏನೋ ಸಾಲದೆಂದು ಅನಿಸಬಹುದು, ಸೇರಿಕೊಂಡಲ್ಲಿ ಅನುಮಾನವೇ ಹುಟ್ಟುವುದಿಲ್ಲ.

ಕೊನೆಯ 'ಅವರು' ಯಾರು ಎಂಬ ಪ್ರಶ್ನೆಗೆ ಕನ್ನಡ ಓದಿದವರಲ್ಲಿಯೇ ಒಮ್ಮತವಿರಲಿಲ್ಲ. ದೊಡ್ಡಪ್ಪನಿಗೂ ಗೌರವದ ಬಹುವಚನ, ಪಕ್ಕದ ತೋಟದವರಿಗೂ ಅದೇ. ಕನ್ನಡ ಹೀಗೆ ಎರಡಕ್ಕೂ ಎಡೆ ಕೊಡುತ್ತದೆ, ಇಂಗ್ಲಿಷ್ 'ಹಿ' ಅಥವಾ 'ದೇ' ಎಂದು ಆರಿಸಲು ಒತ್ತಾಯಿಸುತ್ತದೆ. ವಿದ್ಯಾರ್ಥಿನಿ ದೊಡ್ಡಪ್ಪನನ್ನು ಆರಿಸಿದ್ದಳು. ಇಂತಹ ಕಡೆ ತರ್ಕ ಮಾಡುತ್ತ ಕೂರುವುದಕ್ಕಿಂತ, ಬರೆದವರು ಸಿಗುವಂತಿದ್ದರೆ ಅವರನ್ನೇ ಕೇಳುವುದು ನನ್ನ ಕ್ರಮ. ಫೋನಿನಲ್ಲಿ ಅವರು, ಉತ್ತರ ಕೊಡದವರು ಪಕ್ಕದ ತೋಟದವರು, ಅದೂ ಒಬ್ಬರೇ ಎಂದರು. ದೊಡ್ಡಪ್ಪ ಎಂದರೆ ತಂದೆಯ ಅಣ್ಣ, ಮನೆಯ ಹಿರಿಯರು, ಮನೆಯ ಪರವಾಗಿ ಹೋದದ್ದು ಅದಕ್ಕೇ ಎಂದೂ ಹೇಳಿದರು.

ತಿದ್ದಿದ ಪ್ರತಿಯಲ್ಲಿ 'ಅಂಕಲ್' ಹೋಗಿ 'ತಂದೆಯ ಅಣ್ಣ' ಬಂತು, 'ಅವರು' ಇದ್ದಲ್ಲಿ 'ನೆರೆಯವರು' ಎಂದು ಏಕವಚನದಲ್ಲಿ ಬಂತು. ಸುರಂಗ ಎಂಬ ಪದವನ್ನು ಹಾಗೆಯೇ ಉಳಿಸಿ, ಮೊದಲ ಬಾರಿ ಬರುವಲ್ಲಿ ಗುಡ್ಡದೊಳಗೆ ಕೊರೆದ ನೀರಿನ ದಾರಿ ಎಂದು ನಾಲ್ಕು ಪದಗಳಲ್ಲಿ ಬಿಡಿಸಿದೆವು. ಅದೇ ಪ್ರಶ್ನೆಗಳ ಜೊತೆ ಪ್ರತಿಯನ್ನು ಇಂಗ್ಲಿಷ್ ಮಾತ್ರ ಬಲ್ಲ ಇನ್ನೊಬ್ಬ ಓದುಗರಿಗೆ ಕಳುಹಿಸಿದೆ. ಮೊದಲು ಓದಿದವರಿಗೆ ಈಗ ಉತ್ತರಗಳು ನೆನಪಿರುತ್ತವೆ, ಅವರ ಓದು ಎರಡನೆಯ ಬಾರಿಗೆ ಉಪಯೋಗಕ್ಕೆ ಬರುವುದಿಲ್ಲ. ಕಾರಣದ ಪ್ರಶ್ನೆಗೆ ಈ ಓದುಗರು ಬರೆದ ಉತ್ತರ: "ಹೇಳಿಲ್ಲ, ಆದರೆ ಕೊಳವೆಬಾವಿ ಇರಬಹುದೆಂದು ಅನಿಸುತ್ತದೆ." ಕನ್ನಡ ಓದಿದವರು ಬರೆದದ್ದೂ ಹೆಚ್ಚುಕಡಿಮೆ ಇದನ್ನೇ. ಆ ವಾಕ್ಯವನ್ನು ಮತ್ತೆ ಮುಟ್ಟಲಿಲ್ಲ.