ಫುಲ್ ಅಂಡ್ ಫೈನಲ್ ಲೆಕ್ಕ: ಎಲ್ಲಿ ಎಡವುತ್ತಾರೆ, ಹೇಗೆ ಮಾಡಬೇಕು

ದಾವಣಗೆರೆ, ಹರಿಹರದ ಕಡೆ ಸಣ್ಣ ಫ್ಯಾಕ್ಟರಿ, ಷೋರೂಮ್‌ಗಳ ಸಂಬಳದ ಲೆಕ್ಕ ನೋಡುವ ನನಗೆ ಒಂದು ವಿಷಯ ಪದೇಪದೇ ಕಣ್ಣಿಗೆ ಬೀಳುತ್ತದೆ. ತಿಂಗಳ ಸಂಬಳ ಎಲ್ಲರೂ ಸರಿಯಾಗಿ ಮಾಡುತ್ತಾರೆ. ಯಾರಾದರೂ ಕೆಲಸ ಬಿಟ್ಟರೆ ಮಾತ್ರ ಲೆಕ್ಕ ಹಳ್ಳ ಹಿಡಿಯುತ್ತದೆ. "ಬಿಟ್ಟು ಹೋಗೋನಿಗೆ ಯಾಕ್ರೀ ಅಷ್ಟು ಲೆಕ್ಕ, ನೋಟಿಸ್ ದುಡ್ಡು ಹಿಡ್ಕೊಂಡು ಉಳಿದಿದ್ದು ಕೊಟ್ಟು ಕಳಿಸಿ" ಎನ್ನುವ ಮಾಲೀಕರೂ ಇದ್ದಾರೆ. ಅಲ್ಲಿಂದಲೇ ಜಗಳ ಶುರು.

ಒಂದು ಉದಾಹರಣೆ ಇಟ್ಟುಕೊಂಡು ಮಾಡೋಣ. ಹರಿಹರ ರಸ್ತೆಯ ಒಂದು ಘಟಕದ ಪ್ರೊಡಕ್ಷನ್ ಮ್ಯಾನೇಜರ್ ಅಂದುಕೊಳ್ಳಿ. ತಿಂಗಳ ಗ್ರಾಸ್ 1,20,000 ರೂಪಾಯಿ, ಅದರಲ್ಲಿ ಬೇಸಿಕ್ 60,000, ಡಿ.ಎ. ಇಲ್ಲ. 2021ರ ನವೆಂಬರ್ 19ಕ್ಕೆ ಸೇರಿದವರು 2025ರ ನವೆಂಬರ್ 1ಕ್ಕೆ ರಾಜೀನಾಮೆ ಕೊಟ್ಟು, 18ಕ್ಕೆ ಕೊನೆಯ ದಿನ ಕೆಲಸ ಮಾಡಿದರು. ನೋಟಿಸ್ ಅವಧಿ 30 ದಿನ. ಖಾತೆಯಲ್ಲಿ ಉಳಿದ ಇ.ಎಲ್. 42 ದಿನ.

ಹಂತ 1: ನೇಮಕಾತಿ ಪತ್ರ ಹುಡುಕಿ. ಎಕ್ಸೆಲ್ ಆಮೇಲೆ ತೆರೆಯಿರಿ. ನೋಟಿಸ್ ಎಷ್ಟು ದಿನ, ವಸೂಲಿ ಬೇಸಿಕ್ ಮೇಲೋ ಗ್ರಾಸ್ ಮೇಲೋ, ರಜೆ ಹಣ ಯಾವುದರ ಮೇಲೆ, ಭಾಗಿಸುವುದು 30ರಿಂದಲೋ 26ರಿಂದಲೋ. ಈ ನಾಲ್ಕಕ್ಕೂ ಉತ್ತರ ಪತ್ರದಲ್ಲಿ ಅಥವಾ ಕಂಪನಿಯ ರಜೆ ನಿಯಮದಲ್ಲಿ ಇರಬೇಕು. ಇಂಟರ್ನೆಟ್‌ನಿಂದ ಇಳಿಸಿಕೊಂಡ ಪುಕ್ಕಟೆ ನಮೂನೆಗಳಲ್ಲಿ ಇದನ್ನೆಲ್ಲ ಯಾರೋ ಮೊದಲೇ ತೀರ್ಮಾನ ಮಾಡಿಟ್ಟಿರುತ್ತಾರೆ. ಅವನ್ನು ಮುಟ್ಟಲೇಬೇಡಿ.

ಹಂತ 2: ಕೆಲಸ ಮಾಡಿದ ದಿನಗಳ ಸಂಬಳ. 1,20,000 ಭಾಗಿಸು 30, ಗುಣಿಸು 18. 72,000. ಮುಗಿಯಿತು.

ಹಂತ 3: ನೋಟಿಸ್ ಪೇ ವಸೂಲಿ. 30 ದಿನದಲ್ಲಿ 18 ದಿನ ಕೆಲಸ ಮಾಡಿದ್ದಾರೆ, ಕೊರತೆ 12 ದಿನ. ಪತ್ರದಲ್ಲಿ "ಮೂಲ ವೇತನ" ಎಂದಿದೆ, ಹಾಗಾಗಿ 60,000 ಭಾಗಿಸು 30, ಗುಣಿಸು 12, ಅಂದರೆ 24,000. ಇದನ್ನೇ ಗ್ರಾಸ್ ಮೇಲೆ ಹಾಕಿದರೆ 48,000 ಆಗುತ್ತದೆ. ನೋಡಿ, ಒಂದು ಪದ ಸರಿಯಾಗಿ ಓದದೆ ಇದ್ದರೆ 24,000 ರೂಪಾಯಿ ಹೆಚ್ಚಿಗೆ ಹಿಡಿದಂತೆ. ಪತ್ರದಲ್ಲಿ ಬರೀ "ಸಂಬಳ" ಎಂದಷ್ಟೇ ಇದ್ದರೆ, ಹಿಂದೆ ಬಿಟ್ಟು ಹೋದವರಿಗೆ ಏನು ಮಾಡಿದ್ದೀರೋ ಅದನ್ನೇ ಮಾಡಿ. ಒಬ್ಬರಿಗೆ ಬೇಸಿಕ್, ಇನ್ನೊಬ್ಬರಿಗೆ ಗ್ರಾಸ್ ಅಂತ ಮಾಡಿದರೆ ನಾಳೆ ಲೇಬರ್ ಆಫೀಸಿನಲ್ಲಿ ಉತ್ತರ ಇರುವುದಿಲ್ಲ.

ಭಾಗಿಸುವ ಸಂಖ್ಯೆಯಲ್ಲೂ ಒಂದು ಚಾಲಾಕಿತನ ನಡೆಯುತ್ತದೆ. ನೋಟಿಸ್ ವಸೂಲಿಗೆ 26ರಿಂದ ಭಾಗಿಸುತ್ತಾರೆ, ಯಾಕೆಂದರೆ ಹಿಡಿಯುವ ಹಣ ಜಾಸ್ತಿ ಆಗುತ್ತದೆ. ರಜೆ ಹಣ ಕೊಡುವಾಗ 30ರಿಂದ, ಯಾಕೆಂದರೆ ಕೊಡುವುದು ಕಡಿಮೆ ಆಗುತ್ತದೆ. ಪತ್ರ ಬೇರೆ ಹೇಳದಿದ್ದರೆ ಎರಡಕ್ಕೂ ಒಂದೇ ಸಂಖ್ಯೆ ಇರಲಿ. ನಾನಂತೂ 30 ಬಿಟ್ಟು ಬೇರೆ ಇಡುವುದಿಲ್ಲ.

ಇಲ್ಲೇ ಒಂದು ಅಡ್ಡದಾರಿ ಇದೆ, ನ್ಯಾಯವಾದದ್ದೇ. ಮಾಲೀಕರು ಒಪ್ಪಿದರೆ ನೋಟಿಸ್ ಕೊರತೆಯನ್ನು ಉಳಿದ ಇ.ಎಲ್.ಗೆ ವಜಾ ಹಾಕಿಕೊಳ್ಳಬಹುದು. ನಮ್ಮ ಉದಾಹರಣೆಯಲ್ಲಿ ಎರಡೂ ಬೇಸಿಕ್ ಮೇಲೆ ಇರುವುದರಿಂದ ಅದರಿಂದ ಯಾರಿಗೂ ಲಾಭ ನಷ್ಟ ಇಲ್ಲ. ಆದರೆ ವಸೂಲಿ ಗ್ರಾಸ್ ಮೇಲೆ, ರಜೆ ಹಣ ಬೇಸಿಕ್ ಮೇಲೆ ಇದ್ದರೆ ನೌಕರನಿಗೆ ವಜಾ ಹಾಕಿಸಿಕೊಳ್ಳುವುದೇ ಲಾಭ. 4,000 ರೂಪಾಯಿಯ ಒಂದು ದಿನದ ಬದಲು 2,000 ರೂಪಾಯಿಯ ಒಂದು ದಿನ ಕೊಟ್ಟಂತೆ ಆಗುತ್ತದಲ್ವಾ. ಇದನ್ನು ಕೇಳುವುದಾದರೆ ಕೊನೆಯ ದಿನಕ್ಕಿಂತ ಮೊದಲೇ ಬರೆದು ಕೇಳಿ.

ಕೆಲವರು ನೋಟಿಸ್ ವಸೂಲಿಯ ಮೇಲೆ ಶೇ 18 ಜಿ.ಎಸ್.ಟಿ. ಬೇರೆ ಸೇರಿಸುತ್ತಾರೆ. ಅದು ಬೇಡ ಎಂದು 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಬಂದಿದೆ. ಹಳೆಯ ಸಾಫ್ಟ್‌ವೇರ್‌ನಲ್ಲಿ ಆ ಟಿಕ್ ಇನ್ನೂ ಉಳಿದಿರಬಹುದು, ತೆಗೆದುಬಿಡಿ.

ಹಂತ 4: ರಜೆ ನಗದೀಕರಣ. 60,000 ಭಾಗಿಸು 30, ಗುಣಿಸು 42. 84,000. ಮೊತ್ತ ಸುಲಭ, ಕಷ್ಟ ಇರುವುದು ತೆರಿಗೆಯಲ್ಲಿ. ಹತ್ತಕ್ಕೆ ಎಂಟು ಜನ ಮಣ್ಣು ತಿನ್ನುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಕೆಲಸದಲ್ಲಿ ಇರುವಾಗಲೇ, ಮಾರ್ಚ್‌ನಲ್ಲಿ ರಜೆ ಮಾರಿಕೊಂಡರೆ ಆ ಹಣ ಪೂರ್ತಿ ತೆರಿಗೆಗೆ ಒಳಪಡುತ್ತದೆ. ಕೆಲಸ ಬಿಡುವಾಗ ಸಿಕ್ಕರೆ ಹಾಗಲ್ಲ. ಖಾಸಗಿ ನೌಕರರಿಗೆ ಒಂದು ಮಿತಿಯವರೆಗೆ ವಿನಾಯಿತಿ ಇದೆ. ನಿವೃತ್ತಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ, ಅಲ್ಲ, ರಾಜೀನಾಮೆಗೂ ಸಿಗುತ್ತದೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗುತ್ತದೆ.

ಮಿತಿ ಎಷ್ಟು? ನಾಲ್ಕು ಮೊತ್ತ ಬರೆದುಕೊಳ್ಳಿ, ಅವುಗಳಲ್ಲಿ ಅತಿ ಕಡಿಮೆ ಯಾವುದೋ ಅಷ್ಟಕ್ಕೆ ವಿನಾಯಿತಿ. ಒಂದನೆಯದು ನಿಜವಾಗಿ ಕೊಟ್ಟ ಹಣ, 84,000. ಎರಡನೆಯದು ಹತ್ತು ತಿಂಗಳ ಸರಾಸರಿ ಸಂಬಳ. ಸಂಬಳ ಅಂದರೆ ಇಲ್ಲಿ ಬೇಸಿಕ್ ಮತ್ತು ಡಿ.ಎ. ಮಾತ್ರ, ಎಚ್.ಆರ್.ಎ. ಸೇರಿಸಬೇಡಿ. ಬಿಡುವ ದಿನದ ಹಿಂದಿನ ಹತ್ತು ತಿಂಗಳು ಇವರ ಬೇಸಿಕ್ ಬದಲಾಗಿಲ್ಲ, ಹಾಗಾಗಿ 6,00,000. ಮೂರನೆಯದು 25 ಲಕ್ಷ. ಇದು 2023ರ ಏಪ್ರಿಲ್ 1ರಿಂದ ಇದೆ, ಅದಕ್ಕೂ ಮುಂಚೆ ಬರೀ 3 ಲಕ್ಷ ಇತ್ತು. ನಾಲ್ಕನೆಯದು ಬಾಕಿ ಇರುವ ರಜೆಯ ಬೆಲೆ, ಆದರೆ ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 30 ದಿನಕ್ಕಿಂತ ಜಾಸ್ತಿ ರಜೆ ಲೆಕ್ಕಕ್ಕೆ ಬರುವುದಿಲ್ಲ. ಇವರಿಗೆ ಕಂಪನಿ ವರ್ಷಕ್ಕೆ 24 ದಿನ ಕೊಡುತ್ತಿತ್ತು. ನಾಲ್ಕು ವರ್ಷಕ್ಕೆ 96, ಬಳಸಿದ್ದು 54, ಉಳಿದದ್ದು 42. ಬೆಲೆ 84,000. ಅಲ್ಲಿಗೆ ಪೂರ್ತಿ 84,000 ರೂಪಾಯಿಗೂ ತೆರಿಗೆ ಇಲ್ಲ.

ಇದು ಹೊಂದಿಕೊಂಡಿದ್ದು ಸೇವೆ ಸರಿಯಾಗಿ ನಾಲ್ಕು ವರ್ಷ ಆಗಿದ್ದರಿಂದ. ಮೂರು ವರ್ಷ ಎಂಟು ತಿಂಗಳಾಗಿದ್ದರೆ ಆ ಎಂಟು ತಿಂಗಳು ಲೆಕ್ಕಕ್ಕಿಲ್ಲ, ಮೂರೇ ವರ್ಷ. ಹಾಗೆಯೇ ಜುಲೈನಲ್ಲಿ ಇನ್‌ಕ್ರಿಮೆಂಟ್ ಆಗಿದ್ದರೆ ಹತ್ತು ತಿಂಗಳ ಸರಾಸರಿ ಈಗಿನ ಬೇಸಿಕ್‌ಗಿಂತ ಕಡಿಮೆ ಬರುತ್ತದೆ. ನಾಲ್ಕನೆಯ ಲೆಕ್ಕವನ್ನೂ ಆ ಸರಾಸರಿಯಲ್ಲೇ ಮಾಡಬೇಕು, ಆಗ ಒಂದಷ್ಟು ಹಣ ವಿನಾಯಿತಿಯಿಂದ ಹೊರಗೆ ಉಳಿಯುತ್ತದೆ. ಉಳಿದದ್ದಕ್ಕೆ ಮಾತ್ರ ತೆರಿಗೆ. ಇನ್ನೊಂದು ಮಾತು, 25 ಲಕ್ಷ ಅನ್ನುವುದು ಕಂಪನಿಗೊಂದು ಸಲ ಅಲ್ಲ, ಜೀವಮಾನಕ್ಕೆ. ಹಿಂದಿನ ಕೆಲಸ ಬಿಟ್ಟಾಗ ಎಷ್ಟು ವಿನಾಯಿತಿ ತೆಗೆದುಕೊಂಡಿದ್ದಿರಿ ಎಂದು ನೌಕರನಿಂದ ಒಂದು ಸಾಲು ಬರೆಸಿಕೊಳ್ಳಿ.

ರಜೆ ಹಣದ ಮೇಲೆ ಪಿ.ಎಫ್. ಹಿಡಿಯಬೇಡಿ. ಅದು ಬೇಸಿಕ್ ವೇತನ ಅಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

ಹಂತ 5: ಟಿ.ಡಿ.ಎಸ್. ಏಪ್ರಿಲ್‌ನಿಂದ ಸಾಫ್ಟ್‌ವೇರ್ ಇವರ ವರ್ಷದ ಸಂಬಳ 14,40,000 ಎಂದುಕೊಂಡು, ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ತಿಂಗಳಿಗೆ 7,345 ರೂಪಾಯಿ ಹಿಡಿಯುತ್ತಾ ಬಂದಿದೆ. ಏಳು ತಿಂಗಳಿಗೆ 51,415. ಆದರೆ ಅವರು ನವೆಂಬರ್‌ನಲ್ಲೇ ಹೋದರು. ನೀವು ಈ ವರ್ಷ ಅವರಿಗೆ ಕೊಡುವ ಸಂಬಳ 8,40,000 ಮತ್ತು 72,000 ಸೇರಿ 9,12,000 ಅಷ್ಟೇ. 75,000 ಕಳೆದರೆ 8,37,000. 2025-26ರಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷದೊಳಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಹಾಗಾಗಿ ಈ ಕೊನೆಯ ಲೆಕ್ಕದಲ್ಲಿ ಟಿ.ಡಿ.ಎಸ್. ಸೊನ್ನೆ.

ಸಾಫ್ಟ್‌ವೇರ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕುವ ಮೊದಲೇ ರಜೆ ಹಣ ನಮೂದಿಸಿದರೆ ಅದು ಇನ್ನೂ ಮಾರ್ಚ್‌ವರೆಗಿನ ಸಂಬಳ ಹಿಡಿದುಕೊಂಡೇ ಇರುತ್ತದೆ. ಮೇಲೆ 84,000ವನ್ನೂ ಸೇರಿಸಿ ಶೇ 15ರಂತೆ ಸೆಸ್ ಸಮೇತ 13,104, ಮಾಮೂಲಿ 7,345, ಎರಡೂ ಸೇರಿ 20,449 ಕತ್ತರಿಸುತ್ತದೆ. ಆ ಸಂಖ್ಯೆ ಕಂಡರೆ ಮೊದಲು ದಿನಾಂಕ ಹಾಕಿದ್ದೀರಾ ನೋಡಿ, ಆಮೇಲೆ ರಜೆ ಹಣ "ವಿನಾಯಿತಿ" ಕಾಲಂನಲ್ಲಿ ಇದೆಯಾ ನೋಡಿ.

ಈಗಾಗಲೇ ಕಟ್ಟಿದ 51,415 ವಾಪಸ್ ಕೊಡಿ ಎಂದು ನೌಕರ ಕೇಳಬಹುದು. ಅದು ಸರ್ಕಾರಕ್ಕೆ ಹೋಗಿ ಆಯಿತು. ಮುಂದೆ ಬೇರೆ ಸಂಬಳ ಇಲ್ಲದಿದ್ದರೆ ರಿಟರ್ನ್ ಹಾಕಿ ಅವರೇ ಪಡೆಯಬೇಕು. ಡಿಸೆಂಬರ್‌ನಿಂದ 1,40,000ಕ್ಕೆ ಬೇರೆ ಕಡೆ ಸೇರಿದ್ದರೆ ಕಥೆಯೇ ಬೇರೆ. ಎರಡೂ ಕಡೆಯದು ಸೇರಿ ವರ್ಷದ ತೆರಿಗೆ 93,132 ಆಗುತ್ತದೆ, ಅಂದರೆ ಇನ್ನೂ 41,717 ಕಟ್ಟಬೇಕು. ಹಳೆಯ ಸಂಬಳದ ವಿವರವನ್ನು ಫಾರ್ಮ್ 12ಬಿ ತುಂಬಿ ಹೊಸ ಕಂಪನಿಗೆ ಕೊಟ್ಟರೆ ಅವರು ನಾಲ್ಕು ತಿಂಗಳಲ್ಲಿ ಹಂಚಿ ಹಿಡಿಯುತ್ತಾರೆ. ಕೊಡದಿದ್ದರೆ ಜುಲೈನಲ್ಲಿ ಒಟ್ಟಿಗೆ, ಬಡ್ಡಿ ಸಮೇತ ಕಟ್ಟಬೇಕು.

ನೋಟಿಸ್‌ಗೆ ಹಿಡಿದ 24,000ವನ್ನು ತೆರಿಗೆಯ ಸಂಬಳದಿಂದ ಕಳೆಯಬಹುದೇ? ಸಿಗದ ಹಣಕ್ಕೆ ತೆರಿಗೆ ಯಾಕೆ ಎಂದು 2017ರಲ್ಲಿ ಅಹಮದಾಬಾದ್ ತೆರಿಗೆ ನ್ಯಾಯಮಂಡಳಿ ನೌಕರನ ಪರ ಹೇಳಿದೆ. ಆದರೂ ಕಂಪನಿ ಕಡೆಯಿಂದ ಕಳೆಯದೇ ಇರುವುದು ಕ್ಷೇಮ. ನೌಕರ ಬೇಕಾದರೆ ರಿಟರ್ನ್‌ನಲ್ಲಿ ಕೇಳಿಕೊಳ್ಳಲಿ, ಅದಕ್ಕೆ ವಸೂಲಿಯ ಮೊತ್ತ ಸ್ಟೇಟ್‌ಮೆಂಟ್‌ನಲ್ಲಿ ಬೇರೆ ಸಾಲಾಗಿಯೇ ಕಾಣಬೇಕು. ಸಂಬಳದಲ್ಲೇ ಕಳೆದು 48,000 ಎಂದು ತೋರಿಸುವ ಸುಲಭದ ದಾರಿ ಹಿಡಿಯಬೇಡಿ.

ಹಂತ 6: ಹಾಳೆಯ ಮೇಲೆ ಹೀಗೆ ಬರಬೇಕು.

18 ದಿನದ ಸಂಬಳ: 72,000
ರಜೆ ನಗದೀಕರಣ, 42 ದಿನ: 84,000
ಒಟ್ಟು: 1,56,000
ಪಿ.ಎಫ್. (15,000 ಮಿತಿಯ ಮೇಲೆ ಶೇ 12): 1,800
ವೃತ್ತಿ ತೆರಿಗೆ: 200
ನೋಟಿಸ್ ಪೇ ವಸೂಲಿ, 12 ದಿನ: 24,000
ಟಿ.ಡಿ.ಎಸ್.: 0
ಕೈಗೆ ಸಿಗುವುದು: 1,30,000

ಗ್ರಾಚ್ಯುಟಿ ಸಾಲು ಇಲ್ಲ, ಐದು ವರ್ಷ ಆಗಿಲ್ಲ. ದಿನಗಳನ್ನು ಪ್ರತಿ ಸಾಲಿನಲ್ಲೂ ಬರೆಯಿರಿ, ಬರೀ ಮೊತ್ತ ಕೊಟ್ಟರೆ ಫೋನ್ ಬರುತ್ತಲೇ ಇರುತ್ತದೆ.

ಫಾರ್ಮ್ 16 ಮಾಡುವಾಗ 84,000ವನ್ನು ಒಟ್ಟು ಸಂಬಳದಲ್ಲಿ ತೋರಿಸಿ, ವಿನಾಯಿತಿಯ ಜಾಗದಲ್ಲಿ ಕಳೆಯಿರಿ. ಎಲ್ಲೂ ತೋರಿಸದೆ ಬಿಟ್ಟರೆ, ನೌಕರ ರಿಟರ್ನ್‌ನಲ್ಲಿ ಹಾಕಿದ್ದಕ್ಕೂ ನಿಮ್ಮ ಲೆಕ್ಕಕ್ಕೂ ತಾಳೆ ಆಗದೆ ಇಲಾಖೆಯಿಂದ ನೋಟಿಸ್ ಬರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಂಗಳ ಸಂಖ್ಯೆ ಬದಲಾಗಿದೆ. ಆ ದಿನದ ಮೇಲೆ ಬಿಟ್ಟವರಿಗೆ ಹಳೆಯ ಹಾಳೆ ನಕಲು ಮಾಡಬೇಡಿ.

ಹಣ ಯಾವಾಗ? 45 ದಿನ ಆಗಲಿ ಅನ್ನುವ ಹಳೇ ರೂಢಿ ಬಿಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ಟವರಿಗೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಅಂದರೆ ರಜೆ ಖಾತೆ, ನೋಟಿಸ್ ಲೆಕ್ಕವನ್ನು ಕೊನೆಯ ದಿನಕ್ಕಿಂತ ಒಂದು ವಾರ ಮೊದಲೇ ನೌಕರನ ಎದುರು ಕೂತು ತಾಳೆ ನೋಡಿಟ್ಟುಕೊಳ್ಳಬೇಕು. ನೌಕರರಿಗೆ ಒಂದು ಮಾತು, "ಇನ್ನು ಯಾವ ಬಾಕಿಯೂ ಇಲ್ಲ" ಎಂಬ ಕಾಗದಕ್ಕೆ ಹಣ ಬ್ಯಾಂಕಿಗೆ ಬಂದ ಮೇಲೆಯೇ ಸಹಿ ಹಾಕಿ.